ಕೂಲಿಯಿಂದ ಬಿಲ್ ದರದವರೆಗೆ: ಸಿಬ್ಬಂದಿ ಏಜೆನ್ಸಿಯ ಗಂಟೆಯ ದರವನ್ನು ಲೆಕ್ಕಹಾಕುವ ಕ್ರಮ

ಸಿಬ್ಬಂದಿ ಒದಗಿಸುವ ಏಜೆನ್ಸಿಯೊಂದು ಕೆಲಸಗಾರನಿಗೆ ಗಂಟೆಗೆ 200 ಕೊಟ್ಟು ಗ್ರಾಹಕ ಸಂಸ್ಥೆಗೆ 315ರ ಆಸುಪಾಸಿನ ಬಿಲ್ ಕಳಿಸಿದಾಗ, ಕೆಲಸಗಾರನಿಗೂ ಗ್ರಾಹಕನಿಗೂ ಒಂದೇ ಅನುಮಾನ ಬರುತ್ತದೆ: ನಡುವಿನ 115 ಎಲ್ಲಿ ಹೋಯಿತು? ಏಜೆನ್ಸಿಯೊಳಗೆ ದರ ನಿಗದಿ ಮಾಡುವವರಲ್ಲಿಯೂ ಅನೇಕರು ಈ ಪ್ರಶ್ನೆಗೆ ಸ್ಪಷ್ಟವಾಗಿ ಉತ್ತರಿಸಲಾರರು, ಏಕೆಂದರೆ ಹಿಂದಿನ ಒಪ್ಪಂದದಲ್ಲಿದ್ದ ಶೇಕಡಾವನ್ನೇ ಹೊಸ ಕೂಲಿಯ ಮೇಲೆ ಕೂಡಿಸಿ ದರ ಹೇಳುವುದು ಈ ವ್ಯವಹಾರದಲ್ಲಿ ರೂಢಿಯಾಗಿಬಿಟ್ಟಿದೆ. ಈ ಲೇಖನದಲ್ಲಿ ಒಂದೇ ಹುದ್ದೆಯನ್ನು ತೆಗೆದುಕೊಂಡು, ಕೂಲಿಯಿಂದ ಆರಂಭಿಸಿ ಬಿಲ್ ದರದವರೆಗೆ ಒಂದೊಂದೇ ಹಂತವಾಗಿ ಲೆಕ್ಕ ಮಾಡೋಣ. ಪ್ರತಿ ಹಂತದಲ್ಲಿಯೂ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ಶೇಕಡಾ ಯಾವುದರ ಮೇಲಿನದು? ದರದ ಲೆಕ್ಕದಲ್ಲಿ ಆಗುವ ತಪ್ಪುಗಳ ಪೈಕಿ ಹೆಚ್ಚಿನವು ಇದನ್ನು ಕೇಳದೆ ಬಿಟ್ಟಲ್ಲಿಯೇ ಹುಟ್ಟುತ್ತವೆ.

ನಮ್ಮ ಉದಾಹರಣೆ ಗೋದಾಮಿನಲ್ಲಿ ಸರಕು ಜೋಡಿಸುವ ಒಂದು ಹುದ್ದೆ. ಕೂಲಿ ಗಂಟೆಗೆ 200. ವಾರಕ್ಕೆ 40 ಗಂಟೆ. ಹುದ್ದೆ ವರ್ಷಪೂರ್ತಿ ಇರುತ್ತದೆ, ಆದರೆ ಒಬ್ಬ ಕೆಲಸಗಾರ ಸರಾಸರಿ ಆರು ತಿಂಗಳು ಮಾತ್ರ ನಿಲ್ಲುತ್ತಾನೆ, ಅಂದರೆ ವರ್ಷಕ್ಕೆ ಇಬ್ಬರು ಬೇಕಾಗುತ್ತಾರೆ. ಇಲ್ಲಿನ ಮೊತ್ತಗಳನ್ನು ಯಾವ ದೇಶದ ಹಣದಲ್ಲಿಯಾದರೂ ಓದಿಕೊಳ್ಳಬಹುದು. ಶೇಕಡಾಗಳು ಸಹ ಲೆಕ್ಕದ ಕ್ರಮವನ್ನು ತೋರಿಸಲು ಆರಿಸಿಕೊಂಡವು; ನಿಮ್ಮ ಊರಿನ ಕಾನೂನಿನ ದರಗಳನ್ನು ಅವುಗಳ ಜಾಗದಲ್ಲಿ ಇಟ್ಟುಕೊಳ್ಳಬೇಕು.

ಮೊದಲ ಹಂತ: ಕೂಲಿ ಕೊಡುವ ಗಂಟೆ, ಬಿಲ್ ಆಗುವ ಗಂಟೆ

ಏಜೆನ್ಸಿ ಕೂಲಿ ಕೊಡುವ ಎಲ್ಲ ಗಂಟೆಗಳಿಗೂ ಬಿಲ್ ಮಾಡಲಾಗುವುದಿಲ್ಲ. ಸಂಬಳಸಹಿತ ರಜೆ, ಹಬ್ಬದ ರಜೆ, ಸುರಕ್ಷತಾ ತರಬೇತಿ, ಕೆಲಸಕ್ಕೆ ಸೇರಿದ ಮೊದಲ ದಿನದ ಪರಿಚಯದ ಅವಧಿ ಮುಂತಾದವುಗಳಿಗೆ ಕೆಲಸಗಾರನಿಗೆ ಹಣ ಸಲ್ಲುತ್ತದೆ, ಆದರೆ ಗ್ರಾಹಕನ ಇನ್‌ವಾಯ್ಸ್‌ನಲ್ಲಿ ಅವು ಕಾಣಿಸುವುದಿಲ್ಲ. ಆ ಹಣವನ್ನು ಬಿಲ್ ಆಗುವ ಗಂಟೆಗಳೇ ಹೊರಬೇಕು.

ವರ್ಷಕ್ಕೆ 52 ವಾರ, ವಾರಕ್ಕೆ 40 ಗಂಟೆಯೆಂದರೆ ಕೂಲಿ ಕೊಡುವ ಗಂಟೆಗಳು 2,080. ಇದರಲ್ಲಿ ರಜೆಗಳು ಒಟ್ಟು 20 ದಿನ, ಅಂದರೆ 160 ಗಂಟೆ. ತರಬೇತಿ ಮತ್ತು ಪರಿಚಯಕ್ಕೆ 20 ಗಂಟೆ. ಉಳಿದ 1,900 ಗಂಟೆಗಳಿಗೆ ಮಾತ್ರ ಬಿಲ್ ಆಗುತ್ತದೆ. ಮೊದಲ ತಪ್ಪು ಇಲ್ಲಿಯೇ ನುಸುಳುತ್ತದೆ. ಬಿಲ್ ಆಗದ 180 ಗಂಟೆಗಳನ್ನು 2,080ರಿಂದ ಭಾಗಿಸಿ, ‘ರಜೆಯ ಖರ್ಚು ಶೇ. 8.65’ ಎಂದು ಬರೆದುಕೊಳ್ಳುವವರು ಬಹಳ. ಆದರೆ ಆ ಶೇಕಡಾವನ್ನು ವಸೂಲು ಮಾಡುವುದು 1,900 ಗಂಟೆಗಳಿಂದ. ಹಾಗಾಗಿ 180ನ್ನು ಭಾಗಿಸಬೇಕಾದುದೂ 1,900ರಿಂದ, ಆಗ ಸಿಗುವ ಉತ್ತರ ಶೇ. 9.47. ವ್ಯತ್ಯಾಸ ಗಂಟೆಗೆ ಸುಮಾರು 1.64 ಮಾತ್ರವೆನಿಸಬಹುದು, ಆದರೆ ವರ್ಷದ ಕೊನೆಗೆ ಒಂದೊಂದು ಹುದ್ದೆಗೂ ಮೂರು ಸಾವಿರಕ್ಕಿಂತ ಹೆಚ್ಚು ಏಜೆನ್ಸಿಯ ಕೈಯಿಂದ ಹೋಗಿರುತ್ತದೆ.

ಸರಿಯಾದ ಲೆಕ್ಕದಲ್ಲಿ ಬಿಲ್ ಆಗುವ ಪ್ರತಿ ಗಂಟೆಗೆ ಬೀಳುವ ಕೂಲಿ 200 ಅಲ್ಲ, 4,16,000ನ್ನು 1,900ರಿಂದ ಭಾಗಿಸಿದಾಗ ಬರುವ 218.95. ಮುಂದಿನ ಎಲ್ಲ ಹಂತಗಳಲ್ಲಿಯೂ ವಾರ್ಷಿಕ ಮೊತ್ತವನ್ನು ಮೊದಲು ಕಂಡುಕೊಂಡು ಆಮೇಲೆ 1,900ರಿಂದ ಭಾಗಿಸುವುದೇ ಸುರಕ್ಷಿತ. ಗಂಟೆಯ ಲೆಕ್ಕದಲ್ಲಿಯೇ ಒಂದರ ಮೇಲೊಂದು ಶೇಕಡಾ ಹೇರುತ್ತ ಹೋದರೆ ಯಾವುದು ಯಾವುದರ ಮೇಲೆ ಕೂತಿದೆ ಎಂಬುದು ಮೂರನೆಯ ಸಾಲಿಗೇ ಮರೆತುಹೋಗುತ್ತದೆ.

ಎರಡನೆಯ ಹಂತ: ಮಾಲೀಕನ ಪಾಲಿನ ಖರ್ಚುಗಳು

ಕೆಲಸ ನಡೆಯುವುದು ಗ್ರಾಹಕನ ಜಾಗದಲ್ಲಾದರೂ ಸಾಮಾನ್ಯವಾಗಿ ಕಾಗದದ ಮೇಲೆ ಮಾಲೀಕ ಏಜೆನ್ಸಿಯೇ ಆಗಿರುವುದರಿಂದ, ಮಾಲೀಕನ ಪಾಲಿನ ವಂತಿಗೆ ಮತ್ತು ವಿಮೆಗಳೂ ಅದರ ತಲೆಯ ಮೇಲೆಯೇ ಬರುತ್ತವೆ. ಈ ಖರ್ಚುಗಳನ್ನು ಒಂದೇ ರಾಶಿಯಲ್ಲಿ ‘ಶೇ. 15’ ಎಂದು ಹಾಕಿಕೊಳ್ಳುವುದಕ್ಕಿಂತ, ಅವು ಹೇಗೆ ವರ್ತಿಸುತ್ತವೆ ಎಂಬುದನ್ನು ನೋಡಿ ಮೂರು ಬಗೆಯಾಗಿ ಬೇರ್ಪಡಿಸಿಕೊಳ್ಳುವುದು ಒಳ್ಳೆಯದು.

ಮೊದಲ ಬಗೆಯವು ಕೂಲಿಯ ಜೊತೆಗೇ ಏರಿಳಿಯುತ್ತವೆ. ಪಿಂಚಣಿ ಮತ್ತು ಸಾಮಾಜಿಕ ಭದ್ರತೆಯ ವಂತಿಗೆ ಶೇ. 10 ಎಂದು ಇಟ್ಟುಕೊಳ್ಳೋಣ, ಕೆಲಸದ ಅಪಘಾತ ವಿಮೆ ಶೇ. 3. ಇವು ರಜೆಯ ಕೂಲಿಯ ಮೇಲೂ ಬೀಳುವುದರಿಂದ 4,16,000ದ ಪೂರ್ತಿ ಮೊತ್ತಕ್ಕೆ ಲೆಕ್ಕ ಹಾಕಬೇಕು: 41,600 ಮತ್ತು 12,480. ಅಪಘಾತ ವಿಮೆಯ ದರ ಅನೇಕ ಕಡೆ ಕೆಲಸದ ವರ್ಗವನ್ನು ಅವಲಂಬಿಸಿರುತ್ತದೆ. ಕಚೇರಿಯಲ್ಲಿ ಕೂತು ಮಾಡುವ ಕೆಲಸಕ್ಕೂ ಗೋದಾಮಿನಲ್ಲಿ ಭಾರ ಎತ್ತುವ ಕೆಲಸಕ್ಕೂ ಹಲವು ಪಟ್ಟು ಅಂತರವಿರಬಹುದು. ಆದ್ದರಿಂದ ಗ್ರಾಹಕ ‘ಕ್ಲರ್ಕ್’ ಎಂದು ಕರೆಸಿಕೊಂಡವನನ್ನು ಆಮೇಲೆ ಸರಕು ಇಳಿಸಲು ಕಳಿಸಿದರೆ ದರದ ಬುಡವೇ ಕುಸಿಯುತ್ತದೆ. ಕೆಲಸದ ವಿವರವನ್ನು ಒಪ್ಪಂದದಲ್ಲಿ ಬರೆಸುವುದಕ್ಕೆ ಇದೇ ಮುಖ್ಯ ಕಾರಣ.

ಎರಡನೆಯ ಬಗೆಯವು ಒಂದು ಮಿತಿಯವರೆಗೆ ಮಾತ್ರ ಬೀಳುವ ವಂತಿಗೆಗಳು, ಮತ್ತು ಹೆಚ್ಚು ಜನರನ್ನು ದಾರಿ ತಪ್ಪಿಸುವವು ಇವೇ. ನಮ್ಮ ಉದಾಹರಣೆಯಲ್ಲಿ ನಿರುದ್ಯೋಗ ವಿಮೆ ಶೇ. 2 ಇದ್ದು, ಅದು ಒಬ್ಬ ಕೆಲಸಗಾರನ ವರ್ಷದ ಮೊದಲ 1,00,000 ಕೂಲಿಗೆ ಮಾತ್ರ ಅನ್ವಯಿಸುತ್ತದೆ ಎಂದುಕೊಳ್ಳೋಣ. ಒಬ್ಬನೇ ವರ್ಷವಿಡೀ ಇದ್ದರೆ ಇದರ ಖರ್ಚು 2,000 ದಾಟದು. ಬಿಲ್ ಆಗುವ ಗಂಟೆಗೆ ಹಂಚಿದರೆ ಸುಮಾರು ಒಂದು. ಆದರೆ ಮಿತಿ ಹುದ್ದೆಗೆ ಅಂಟಿಕೊಂಡಿರುವುದಿಲ್ಲ, ವ್ಯಕ್ತಿಗೆ ಅಂಟಿಕೊಂಡಿರುತ್ತದೆ. ಆರು ತಿಂಗಳಿಗೆ ಒಬ್ಬ ಬಿಟ್ಟು ಇನ್ನೊಬ್ಬ ಬಂದರೆ ಎರಡನೆಯವನಿಗೆ ಲೆಕ್ಕ ಸೊನ್ನೆಯಿಂದ ಶುರುವಾಗಿ ಖರ್ಚು 4,000 ಆಗುತ್ತದೆ. ವರ್ಷಕ್ಕೆ ನಾಲ್ವರು ಬದಲಾದರೆ 8,000. ಇನ್ನು ಮೂರು ತಿಂಗಳಿಗಷ್ಟೇ ಬೇಕಾದ ಹುದ್ದೆಯಲ್ಲಿ ಈ ಮಿತಿಯ ಪ್ರಯೋಜನ ಸಿಗುವುದೇ ಇಲ್ಲ, ಕೊಟ್ಟ ಕೂಲಿಯ ಬಹುತೇಕ ಎಲ್ಲದರ ಮೇಲೂ ಪೂರ್ತಿ ಶೇ. 2 ಬೀಳುತ್ತದೆ. ಅಲ್ಪಾವಧಿಯ ಹುದ್ದೆಗೆ ದೀರ್ಘಾವಧಿಯದಕ್ಕಿಂತ ಹೆಚ್ಚಿನ ದರ ಕೇಳುವುದು ದುರಾಸೆಯೆಂದು ಗ್ರಾಹಕರು ಭಾವಿಸುವುದುಂಟು. ಅವರಿಗೆ ಈ ಒಂದು ಸಾಲನ್ನು ತೋರಿಸಿದರೆ ಮಾತು ಸಲೀಸಾಗುತ್ತದೆ.

ಮೂರನೆಯವು ತಲೆಗಿಷ್ಟೆಂದು ಬೀಳುವ ಖರ್ಚುಗಳು: ಹಿನ್ನೆಲೆ ಪರಿಶೀಲನೆ, ವೈದ್ಯಕೀಯ ತಪಾಸಣೆ, ಸುರಕ್ಷತಾ ಬೂಟು ಮತ್ತು ಹೆಲ್ಮೆಟ್, ಪೇರೋಲ್ ನಿರ್ವಹಣೆ. ಒಬ್ಬರಿಗೆ 2,850ರಂತೆ ಇಬ್ಬರಿಗೆ 5,700. ಕೂಲಿ ಹೆಚ್ಚಾದರೂ ಇವು ಹೆಚ್ಚುವುದಿಲ್ಲ, ಆದ್ದರಿಂದ ಇವನ್ನು ಕೂಲಿಯ ಶೇಕಡಾ ರೂಪದಲ್ಲಿ ಬರೆಯಬಾರದು.

ಎಲ್ಲವನ್ನೂ ಕೂಡಿಸಿದರೆ ಹುದ್ದೆಯ ವರ್ಷದ ಖರ್ಚು ಹೀಗಿರುತ್ತದೆ:

```
4,16,000 + 41,600 + 12,480 + 4,000 + 5,700 = 4,79,780
4,79,780 ÷ 1,900 = 252.52
```

ಗಂಟೆಗೆ 200ರ ಕೂಲಿಯ ಹುದ್ದೆಗೆ ಏಜೆನ್ಸಿಯ ನೇರ ಖರ್ಚು 252.52; ಕೂಲಿಯ ಶೇ. 26ಕ್ಕಿಂತ ಸ್ವಲ್ಪ ಹೆಚ್ಚಿನ ಹೊರೆ. ಇಷ್ಟರಲ್ಲಿ ಏಜೆನ್ಸಿಗೆ ಒಂದು ಪೈಸೆಯೂ ಉಳಿದಿಲ್ಲ.

ಮೂರನೆಯ ಹಂತ: ಮಾರ್ಜಿನ್ ಕೂಡಿಸುವುದು

ಏಜೆನ್ಸಿಯ ಮಾಲೀಕರು ‘ನಮಗೆ ಶೇ. 20 ಮಾರ್ಜಿನ್ ಬೇಕು’ ಎಂದಾಗ, ಅವರ ಮನಸ್ಸಿನಲ್ಲಿರುವುದು ಸಾಮಾನ್ಯವಾಗಿ ಬಿಲ್ ಮೊತ್ತದ ಶೇ. 20. ಲೆಕ್ಕಪತ್ರದಲ್ಲಿ ಒಟ್ಟು ಲಾಭವನ್ನು ಆದಾಯದ ಶೇಕಡಾ ಆಗಿಯೇ ತೋರಿಸಲಾಗುತ್ತದೆ. ಆದರೆ ದರ ಹಾಕುವವರು ಖರ್ಚಿನ ಮೇಲೆ ಶೇ. 20 ಕೂಡಿಸಿಬಿಡುತ್ತಾರೆ; ಅದು ಮಾರ್ಕಪ್. ಎರಡರ ಫಲವನ್ನೂ ಪಕ್ಕಪಕ್ಕದಲ್ಲಿ ನೋಡಬೇಕು:

```
ಮಾರ್ಕಪ್:  252.52 × 1.20 = 303.02
ಮಾರ್ಜಿನ್: 252.52 ÷ 0.80 = 315.65
```

303.02ರಲ್ಲಿ ಏಜೆನ್ಸಿಗೆ ಉಳಿಯುವ ಪಾಲು ಶೇ. 16.67 ಮಾತ್ರ. ಗಂಟೆಗೆ 12.63ರ ಈ ವ್ಯತ್ಯಾಸ 1,900 ಗಂಟೆಗಳಲ್ಲಿ ಒಂದು ಹುದ್ದೆಗೆ ಸುಮಾರು 24,000 ಆಗುತ್ತದೆ. ಬಿಲ್ ಮೊತ್ತದ ಶೇಕಡಾ ಬೇಕಾದಾಗ ಗುಣಿಸುವುದಲ್ಲ, ಒಂದರಿಂದ ಆ ಪಾಲನ್ನು ಕಳೆದು ಉಳಿದದ್ದರಿಂದ ಭಾಗಿಸಬೇಕು. ಬಿಲ್‌ನಿಂದಲೇ ಶೇಕಡಾವಾರು ಕಡಿತವಾಗುವ ಬೇರೆ ಬಾಬುಗಳಿಗೂ ಇದೇ ನಿಯಮ. ಗ್ರಾಹಕ ಸಂಸ್ಥೆ ಹೊರಗುತ್ತಿಗೆ ಸಿಬ್ಬಂದಿಯನ್ನು ನಿರ್ವಹಿಸಲು ಯಾವುದಾದರೂ ಸಾಫ್ಟ್‌ವೇರ್ ವೇದಿಕೆಯನ್ನು ಬಳಸುತ್ತಿದ್ದು, ಅದರ ಶುಲ್ಕವೆಂದು ಬಿಲ್‌ನ ಶೇ. 2ನ್ನು ಏಜೆನ್ಸಿಯಿಂದಲೇ ಮುರಿದುಕೊಳ್ಳುವುದಾದರೆ, 252.52ನ್ನು 0.78ರಿಂದ ಭಾಗಿಸಿ 323.74 ಕೇಳಬೇಕಾಗುತ್ತದೆ.

ಇನ್ನೊಂದು ಗೊಂದಲ ಮಾತುಕತೆಯ ಮೇಜಿನಲ್ಲಿ ಹುಟ್ಟುತ್ತದೆ. ಗ್ರಾಹಕರ ಖರೀದಿ ವಿಭಾಗದವರು ಬಿಲ್ ದರವನ್ನು ಬರಿಯ ಕೂಲಿಯೊಡನೆ ಹೋಲಿಸಿ ‘ಕೂಲಿಯ ಮೇಲೆ ಶೇ. 58 ಹಾಕಿದ್ದೀರಿ’ ಎನ್ನುತ್ತಾರೆ. ಲೆಕ್ಕ ಸುಳ್ಳಲ್ಲ: 200ಕ್ಕೂ 315.65ಕ್ಕೂ ನಡುವಿನ ಅಂತರ 115.65. ಆದರೆ ಅದರಲ್ಲಿ 52.52 ರಜೆಗೆ, ವಂತಿಗೆಗೆ, ವಿಮೆಗೆ, ತಪಾಸಣೆಗೆ ಹೋಗುವ ಹಣ. ಗ್ರಾಹಕ ಅದೇ ಕೆಲಸಗಾರನನ್ನು ತಾನೇ ನೇಮಿಸಿಕೊಂಡರೂ ಅದರ ಬಹುಪಾಲನ್ನು ತಾನೇ ಕೊಡಬೇಕಾಗುತ್ತದೆ. ಏಜೆನ್ಸಿಯ ಪಾಲು 63.13. ನನ್ನ ಅಭಿಪ್ರಾಯದಲ್ಲಿ ಈ ವಿಂಗಡಣೆಯನ್ನು ಗುಟ್ಟಾಗಿಡುವ ಏಜೆನ್ಸಿಗಳು ತಮಗೇ ನಷ್ಟ ಮಾಡಿಕೊಳ್ಳುತ್ತವೆ, ಏಕೆಂದರೆ ವಿವರ ಗೊತ್ತಿಲ್ಲದ ಗ್ರಾಹಕ 115.65ನ್ನೂ ಚೌಕಾಸಿಗೆ ಒಡ್ಡಿದ ಹಣವೆಂದೇ ತಿಳಿಯುತ್ತಾನೆ.

ಚೌಕಾಸಿಯ ವಿಷಯ ಬಂದದ್ದರಿಂದ ಒಂದು ಲೆಕ್ಕವನ್ನು ಇಲ್ಲಿಯೇ ನೋಡಿಬಿಡಬೇಕು. ಗ್ರಾಹಕ ಬಿಲ್ ದರದಲ್ಲಿ ‘ಬರೀ ಶೇ. 5’ ಕಡಿಮೆ ಮಾಡಲು ಕೇಳಿದರೆ ಗಂಟೆಗೆ 15.78 ಕಳೆಯುತ್ತದೆ. ಕೂಲಿಯನ್ನಾಗಲಿ ವಂತಿಗೆಯನ್ನಾಗಲಿ ಇಳಿಸಲು ಬರುವುದಿಲ್ಲವಾದ್ದರಿಂದ ಅಷ್ಟೂ 63.13ರೊಳಗಿಂದಲೇ ಹೋಗಬೇಕು, ಉಳಿಯುವುದು 47.35. ಬಿಲ್‌ನ ಶೇ. 5 ಎಂದದ್ದು ಏಜೆನ್ಸಿಯ ಪಾಲಿನ ಕಾಲುಭಾಗವಾಯಿತು.

ಸೇವೆಯ ಮೇಲಿನ ತೆರಿಗೆ ಈ ಎಲ್ಲ ಲೆಕ್ಕದ ಹೊರಗಿನದು. ಅನೇಕ ದೇಶಗಳಲ್ಲಿ ಅದು ಮಾರ್ಜಿನ್ ಮೇಲಷ್ಟೇ ಅಲ್ಲದೆ ಇಡೀ ಬಿಲ್ ಮೊತ್ತದ ಮೇಲೆ ಬೀಳುತ್ತದೆ, ಆದರೆ ಏಜೆನ್ಸಿ ಅದನ್ನು ವಸೂಲು ಮಾಡಿ ಸರ್ಕಾರಕ್ಕೆ ಕಟ್ಟುವ ಮಧ್ಯವರ್ತಿ ಮಾತ್ರ. ದರ ತಿಳಿಸುವಾಗ ‘ತೆರಿಗೆ ಪ್ರತ್ಯೇಕ’ ಎಂದು ಬರೆದರೆ ಸಾಕು.

ನಾಲ್ಕನೆಯ ಹಂತ: ಹಣ ಬರುವವರೆಗಿನ ಕಾಯುವಿಕೆಯ ಬೆಲೆ

63.13 ಕೈಗೆ ಉಳಿಯುವ ಲಾಭವಲ್ಲ. ಕೆಲಸಗಾರರನ್ನು ಹುಡುಕುವವರ ಸಂಬಳ, ಕಚೇರಿ ಬಾಡಿಗೆ, ಜಾಹೀರಾತು, ವಸೂಲಾಗದ ಬಾಕಿ ಎಲ್ಲವೂ ಇದರಿಂದಲೇ ನಡೆಯಬೇಕು. ಇವು ಯಾವ ವ್ಯವಹಾರದಲ್ಲಿಯೂ ಇರುವಂಥವು. ಈ ವ್ಯವಹಾರದ ವಿಶೇಷ ಖರ್ಚು ಬಡ್ಡಿ. ಕೂಲಿಯನ್ನು ವಾರಕ್ಕೊಮ್ಮೆ ಕೊಡಬೇಕು, ಬಿಲ್ ತಿಂಗಳಿಗೊಮ್ಮೆ ಹೋಗುತ್ತದೆ, ಗ್ರಾಹಕ ಬಿಲ್ ತಲುಪಿದ 45 ದಿನಕ್ಕೆ ಹಣ ಕೊಡುತ್ತಾನೆ. ಕೂಲಿ ಕೊಟ್ಟ ದಿನದಿಂದ ಹಣ ಬರುವವರೆಗೆ ಸರಾಸರಿ 60 ದಿನವೆಂದು ಹಿಡಿಯೋಣ, ಸಾಲದ ಬಡ್ಡಿ ವರ್ಷಕ್ಕೆ ಶೇ. 12.

```
252.52 × 0.12 × 60 ÷ 365 = 4.98
```

ಗಂಟೆಗೆ ಸುಮಾರು 5. ಇಲ್ಲಿ ಬಡ್ಡಿಯನ್ನು ಖರ್ಚಿನ ಮೊತ್ತದ ಮೇಲೆ ಹಾಕಿದ್ದನ್ನು ಗಮನಿಸಬೇಕು, ಏಕೆಂದರೆ ಏಜೆನ್ಸಿ ಕೈಯಿಂದ ಹಾಕಿ ಕಾಯುತ್ತಿರುವುದು ಅಷ್ಟನ್ನೇ. ಗ್ರಾಹಕ ಇನ್ನೂ 30 ದಿನ ತಡಮಾಡಿದರೆ ಖರ್ಚು 7.47ಕ್ಕೆ ಏರುತ್ತದೆ. ಬಡ್ಡಿಗಿಂತ ದೊಡ್ಡ ಆತಂಕ ಅಸಲಿನದು: ಇಂಥ 20 ಹುದ್ದೆಗಳಿದ್ದರೆ 60 ದಿನಗಳ ಅಂತರಕ್ಕೆ ಸುಮಾರು 15.77 ಲಕ್ಷ ಸದಾ ಹೊರಗಿರುತ್ತದೆ. ಲಾಭದಲ್ಲಿಯೇ ನಡೆಯುತ್ತಿರುವ ಏಜೆನ್ಸಿಗಳು ಹೊಸ ದೊಡ್ಡ ಗ್ರಾಹಕ ಸಿಕ್ಕ ತಿಂಗಳಲ್ಲಿ ಕೂಲಿ ಕೊಡಲಾಗದೆ ಒದ್ದಾಡುವುದು ಇದರಿಂದಲೇ. ಆದಕಾರಣ ಪಾವತಿಯ ಅವಧಿಯನ್ನು ದರದ ಒಂದು ಭಾಗವೆಂದೇ ಎಣಿಸಿ, 30 ದಿನಕ್ಕೊಂದು ದರ, 60 ದಿನಕ್ಕೊಂದು ದರ ಎಂದು ಎರಡನ್ನೂ ಬರೆದುಕೊಡುವುದು ಸೂಕ್ತ.

ಐದನೆಯ ಹಂತ: ಓವರ್‌ಟೈಮ್‌ಗೆ ಬೇರೆ ಲೆಕ್ಕ

ಓವರ್‌ಟೈಮ್ ಗಂಟೆಗೆ ಒಂದೂವರೆ ಪಟ್ಟು ಕೂಲಿಯಿದ್ದರೆ ಕೆಲಸಗಾರನಿಗೆ 300 ಸಲ್ಲುತ್ತದೆ. ಬಿಲ್ ದರವನ್ನೂ ಒಂದೂವರೆ ಪಟ್ಟು ಮಾಡುವುದು ಸುಲಭದ ದಾರಿ, ಆಗ 473.48 ಆಗುತ್ತದೆ. ಆದರೆ ನಿಜವಾದ ಖರ್ಚು ಅಷ್ಟು ಏರಿರುವುದಿಲ್ಲ. ರಜೆಯ ಹೊರೆ, ತಪಾಸಣೆಯ ಖರ್ಚು, ಮಿತಿಯುಳ್ಳ ವಂತಿಗೆ ಇವೆಲ್ಲವೂ ಮಾಮೂಲಿ ಗಂಟೆಗಳಲ್ಲಿಯೇ ವಸೂಲಾಗಿರುತ್ತವೆ. ಹೊಸದಾಗಿ ಬೀಳುವುದು 300 ಕೂಲಿ ಮತ್ತು ಅದರ ಮೇಲಿನ ಶೇ. 13, ಒಟ್ಟು 339. ಕೆಲವು ಕಡೆ ಅಪಘಾತ ವಿಮೆಯನ್ನು ಓವರ್‌ಟೈಮ್‌ನ ಹೆಚ್ಚುವರಿ ಭಾಗಕ್ಕೆ ಲೆಕ್ಕಹಾಕುವುದಿಲ್ಲ, ಅಲ್ಲಿ ಇನ್ನೂ ಸ್ವಲ್ಪ ಕಡಿಮೆ. ಹಾಗಾಗಿ 473.48ರ ದರದಲ್ಲಿ ಏಜೆನ್ಸಿಯ ಪಾಲು ಶೇ. 28 ದಾಟುತ್ತದೆ, ಮತ್ತು ಲೆಕ್ಕ ಬಲ್ಲ ಗ್ರಾಹಕ ಅದನ್ನು ಒಂದಲ್ಲ ಒಂದು ದಿನ ಪತ್ತೆಹಚ್ಚುತ್ತಾನೆ.

ಎದುರು ತುದಿಯಲ್ಲಿ, ಗಂಟೆಗೆ ಬರುವ 63.13ನ್ನೇ 339ಕ್ಕೆ ಕೂಡಿಸಿ 402.13 ಕೇಳಬಹುದು, ಆಗ ಮೊತ್ತ ಅಷ್ಟೇ ಇದ್ದರೂ ಮಾರ್ಜಿನ್ ಶೇ. 15.7ಕ್ಕೆ ಇಳಿಯುತ್ತದೆ. ಶೇ. 20ನ್ನೇ ಕಾಪಾಡಿಕೊಳ್ಳಬೇಕಾದರೆ 339ನ್ನು 0.80ರಿಂದ ಭಾಗಿಸಿ 423.75. ನನಗೆ ಈ ಮಧ್ಯದ ದಾರಿಯೇ ನ್ಯಾಯವಾಗಿ ಕಾಣುತ್ತದೆ, ಆದರೆ ಮೂರರಲ್ಲಿ ಯಾವುದಾದರೂ ಒಪ್ಪಂದದಲ್ಲಿ ಅಂಕಿಯ ರೂಪದಲ್ಲಿಯೇ ಇರಬೇಕು. ಅದೇನೂ ಬರೆಯದೆ ‘ಪ್ರತಿ ಗಂಟೆಗೆ 315.65’ ಎಂದಷ್ಟೇ ಇದ್ದರೆ, ಓವರ್‌ಟೈಮ್‌ನ ಒಂದೊಂದು ಗಂಟೆಗೂ ಏಜೆನ್ಸಿ 23.35 ಕಳೆದುಕೊಳ್ಳುತ್ತದೆ, ಮತ್ತು ಗ್ರಾಹಕನಿಗೆ ಕೆಲಸದ ಒತ್ತಡ ಹೆಚ್ಚಿದಷ್ಟೂ ನಷ್ಟ ಬೆಳೆಯುತ್ತದೆ.

ಆರನೆಯ ಹಂತ: ಕೂಲಿ ಏರಿದಾಗ

ಒಪ್ಪಂದದ ನಡುವೆ ಕನಿಷ್ಠ ವೇತನ ಹೆಚ್ಚಿ ಕೂಲಿ 200ರಿಂದ 210 ಆಯಿತೆನ್ನೋಣ. ‘ಕೂಲಿಯಲ್ಲಿ ಆಗುವ ಹೆಚ್ಚಳವನ್ನು ಗ್ರಾಹಕ ಭರಿಸತಕ್ಕದ್ದು’ ಎಂಬ ಷರತ್ತು ಇದ್ದರೆ ಬಿಲ್ ದರ 10 ಏರುತ್ತದೆ. ಆದರೆ ರಜೆಯ ಗಂಟೆಗಳಿಗೂ ಹೆಚ್ಚಿನ ಕೂಲಿ ಕೊಡಬೇಕು, ಅದರ ಮೇಲೆ ಶೇ. 13 ಕಟ್ಟಬೇಕು, ಬಿಲ್ ಆಗುವ ಗಂಟೆಗೆ ಖರ್ಚು ಏರುವುದು 12.37. ಷರತ್ತನ್ನು ನಂಬಿದ ಏಜೆನ್ಸಿಗೆ ಗಂಟೆಗೆ 2.37 ಖೋತಾ. ಆದ್ದರಿಂದ ಷರತ್ತಿನಲ್ಲಿ ‘ಕೂಲಿ ಮತ್ತು ಅದರಿಂದ ಉಂಟಾಗುವ ಮಾಲೀಕನ ಪಾಲಿನ ಎಲ್ಲ ಖರ್ಚು’ ಎಂದು ಬರೆಸಬೇಕು. ಶೇ. 20 ಮಾರ್ಜಿನ್ ಸಹ ಉಳಿಯಬೇಕೆಂದರೆ ದರ 15.46 ಏರಿ 331.11 ಆಗಬೇಕು. ಸರ್ಕಾರ ಏರಿಸಿದ ಕೂಲಿಯ ಮೇಲೆ ಏಜೆನ್ಸಿ ಲಾಭ ಮಾಡಿಕೊಳ್ಳುವುದೇಕೆ ಎಂದು ಗ್ರಾಹಕ ಕೇಳುವುದು ಸಹಜ. ಖರ್ಚನ್ನು ಪೂರ್ತಿ ಪಡೆದುಕೊಂಡು, ಮಾರ್ಜಿನ್ ಅನ್ನು ಮುಂದಿನ ನವೀಕರಣದವರೆಗೆ ಹಳೆಯ ಮೊತ್ತದಲ್ಲಿಯೇ ಬಿಡುವುದಕ್ಕೆ ಇಬ್ಬರೂ ಸಾಮಾನ್ಯವಾಗಿ ಒಪ್ಪಿಕೊಳ್ಳಬಹುದು.

ಏಳನೆಯ ಹಂತ: ದರ ಸರಿಯಿತ್ತೇ ಎಂದು ತಿಂಗಳಿಗೊಮ್ಮೆ ನೋಡುವುದು

ಮೇಲಿನ ಲೆಕ್ಕದಲ್ಲಿ ಎರಡು ಊಹೆಗಳಿವೆ: 2,080 ಗಂಟೆಗೆ 1,900 ಬಿಲ್ ಆಗುತ್ತದೆ, ಮತ್ತು ವರ್ಷಕ್ಕೆ ಇಬ್ಬರು ಮಾತ್ರ ಬೇಕಾಗುತ್ತಾರೆ. ಪೇರೋಲ್‌ನಲ್ಲಿ ಕೂಲಿ ಕೊಟ್ಟ ಗಂಟೆಗಳನ್ನು ಇನ್‌ವಾಯ್ಸ್‌ನ ಗಂಟೆಗಳಿಂದ ಭಾಗಿಸಿದರೆ 1.09ರ ಹತ್ತಿರ ಬರಬೇಕು. ರಜೆಗಳು ಒಟ್ಟೊಟ್ಟಿಗೆ ಬರುವ ತಿಂಗಳಲ್ಲಿ ಏರುಪೇರಾಗುತ್ತದೆ, ಆದ್ದರಿಂದ ಮೂರು ತಿಂಗಳ ಸರಾಸರಿ ನೋಡುವುದು ಒಳ್ಳೆಯದು. ಅದು 1.12 ದಾಟುತ್ತಿದ್ದರೆ ಗ್ರಾಹಕ ಸಹಿ ಹಾಕದ ಟೈಮ್‌ಶೀಟ್‌ಗಳಿವೆಯೇ, ಬಿಲ್ ಮಾಡಬಹುದಾದ ತರಬೇತಿಯನ್ನು ಏಜೆನ್ಸಿಯೇ ಹೊರುತ್ತಿದೆಯೇ, ಕೆಲಸಗಾರನ ಗಂಟೆಗಳನ್ನು ಮೇಲಕ್ಕೂ ಗ್ರಾಹಕನ ಗಂಟೆಗಳನ್ನು ಕೆಳಕ್ಕೂ ಪೂರ್ಣಾಂಕ ಮಾಡಲಾಗುತ್ತಿದೆಯೇ ಎಂದು ಹುಡುಕಬೇಕು. ಕೊನೆಯದು ಎರಡು ಬೇರೆ ಬೇರೆ ಸಾಫ್ಟ್‌ವೇರ್ ಬಳಸುವ ಕಡೆ ಯಾರ ಗಮನಕ್ಕೂ ಬಾರದೆ ವರ್ಷಗಟ್ಟಲೆ ನಡೆಯಬಲ್ಲದು.

ವಂತಿಗೆಯ ಮಿತಿಗಳು ಹೊಸ ವರ್ಷಕ್ಕೆ ಸೊನ್ನೆಯಿಂದ ಆರಂಭವಾಗುವ ವ್ಯವಸ್ಥೆಯಿದ್ದಲ್ಲಿ, ಮೊದಲ ತಿಂಗಳುಗಳಲ್ಲಿ ಮಾರ್ಜಿನ್ ಕುಗ್ಗಿ ಆಮೇಲೆ ಚೇತರಿಸಿಕೊಳ್ಳುವುದು ಸಹಜ. ನಮ್ಮ ಉದಾಹರಣೆಯಲ್ಲಿ ಒಬ್ಬೊಬ್ಬ ಕೆಲಸಗಾರನ ಮೊದಲ 500 ಗಂಟೆಗಳವರೆಗೆ ಗಂಟೆಗೆ 4 ಬೀಳುತ್ತದೆ, ಬಳಿಕ ಏನೂ ಇಲ್ಲ. ಅದನ್ನು ನೋಡಿ ಗಾಬರಿಯಿಂದ ದರ ಏರಿಸಬೇಕಾಗಿಲ್ಲ. ಆದರೆ ವರ್ಷದ ನಡುವಿನಲ್ಲಿಯೂ ಆ ಖರ್ಚು ಇಳಿಯದೆ ನಿಂತಿದ್ದರೆ, ಜನ ನಾವಂದುಕೊಂಡದ್ದಕ್ಕಿಂತ ಬೇಗ ಬಿಟ್ಟುಹೋಗುತ್ತಿದ್ದಾರೆ ಎಂದೇ ಅರ್ಥ. ಆಗ ವರ್ಷಕ್ಕೆ ಇಬ್ಬರೆಂಬ ಜಾಗದಲ್ಲಿ ನಿಜವಾದ ಸಂಖ್ಯೆಯನ್ನಿಟ್ಟು ಎರಡನೆಯ ಹಂತದಿಂದ ಲೆಕ್ಕವನ್ನು ಮತ್ತೆ ಮಾಡಬೇಕು.